ಸ್ಪಷ್ಟನೆ: ಪಕ್ಕಪಕ್ಕದ ಕೀಗಳ ಪಾಸ್‌ವರ್ಡ್ ಗಟ್ಟಿಯಲ್ಲ

“1qaz2wsx ಅಂತ ಪಾಸ್‌ವರ್ಡ್ ಇಟ್ಟರೆ ಸಾಕು. ಅದು ಯಾವ ಪದವೂ ಅಲ್ಲ, ಯಾರಿಗೂ ಊಹಿಸೋಕೆ ಆಗಲ್ಲ.”

ಇದು ತಪ್ಪು. ಕೀಬೋರ್ಡ್ ನೋಡಿ. 1ರಿಂದ ಕೆಳಗೆ ಇಳಿದರೆ 1qaz, ಪಕ್ಕದ 2ರಿಂದ ಇಳಿದರೆ 2wsx. ಸೋರಿಕೆಯಾದ ಪಾಸ್‌ವರ್ಡ್‌ಗಳ ಪಟ್ಟಿಗಳಲ್ಲಿ ಇದು ಈಗಾಗಲೇ ಇದೆ. ಇಲ್ಲದಿದ್ದರೂ ಕಷ್ಟವೇನಿಲ್ಲ. ಕೀಬೋರ್ಡ್ ಮೇಲಿನ ಇಂಥ ದಾರಿಗಳನ್ನೆಲ್ಲ ತಾನೇ ಬರೆದುಕೊಡುವ kwprocessor ಎಂಬ ಪ್ರೋಗ್ರಾಂ ಇದೆ.

ಲೆಕ್ಕ ಹಾಕೋಣ. ಸಣ್ಣ ಅಕ್ಷರ ಮತ್ತು ಅಂಕಿ ಸೇರಿ 36 ಕೀಗಳು. ಮನಸ್ಸಿಗೆ ಬಂದಂತೆ 8 ಆರಿಸಿದರೆ ಸುಮಾರು 2.8 ಲಕ್ಷ ಕೋಟಿ ಸಾಧ್ಯತೆಗಳು. ಆದರೆ ನಾಲ್ಕು ಕೀಗಳ ಎರಡು ನೇರ ಸಾಲು ಅಂದರೆ, ಪ್ರತಿ ಸಾಲಿಗೂ ಶುರುವಿನ ಕೀ 36, ದಿಕ್ಕು ಹೆಚ್ಚೆಂದರೆ 6. ಎರಡು ಸಾಲಿಗೆ 216 × 216, ಅಂದರೆ 46,656 ಅಷ್ಟೇ! ಒಂದು ಸಾಲಿಗೆ ಶಿಫ್ಟ್ ಒತ್ತಿ !QAZ2wsx ಮಾಡಿದರೆ? ವೆಬ್‌ಸೈಟ್ “ಬಲವಾಗಿದೆ” ಅನ್ನಬಹುದು. ಆದರೆ ಲೆಕ್ಕ ನಾಲ್ಕು ಪಟ್ಟು ಮಾತ್ರ ಜಾಸ್ತಿ, 1,86,624.

ಮೂರು ಸಲ ತಪ್ಪಿದರೆ ಲಾಗಿನ್ ಲಾಕ್ ಆಗುತ್ತೆ ಅಲ್ವಾ? ಕಳ್ಳರು ಲಾಗಿನ್ ಪುಟಕ್ಕೆ ಬರಲೇಬೇಕಿಲ್ಲ. ವೆಬ್‌ಸೈಟ್ ಪಾಸ್‌ವರ್ಡ್ ಬದಲು ಅದರಿಂದ ಲೆಕ್ಕ ಹಾಕಿದ ಹ್ಯಾಶ್ ಎಂಬ ಗುರುತನ್ನು ಇಟ್ಟಿರುತ್ತದೆ. ಕದ್ದ ಡೇಟಾಬೇಸ್‌ನಲ್ಲಿರುವ ಆ ಹ್ಯಾಶ್‌ಗಳನ್ನು ತಮ್ಮ ಕಂಪ್ಯೂಟರ್‌ನಲ್ಲೇ ಒಂದೊಂದು ಊಹೆಯ ಹ್ಯಾಶ್ ಜೊತೆ ಹೋಲಿಸುತ್ತಾರೆ. ಅಲ್ಲಿ ಲಾಕ್ ಇಲ್ಲ. ಬೇಕಂತಲೇ ನಿಧಾನ ಮಾಡಿದ bcrypt ಹ್ಯಾಶ್ ಇದ್ದು, ಸೆಕೆಂಡಿಗೆ ಸಾವಿರ ಊಹೆ ಮಾತ್ರ ಆದರೂ, ಈ 1,86,624 ಊಹೆಗಳೆಲ್ಲ ಸುಮಾರು ಮೂರು ನಿಮಿಷದಲ್ಲಿ ಮುಗಿಯುತ್ತವೆ.

ಇಂಥದ್ದು ನಿಮ್ಮದಾಗಿದ್ದರೆ ದಯವಿಟ್ಟು ಇವತ್ತೇ ಬದಲಿಸಿ. ಬೆರಳಿಗೆ ಬಿಡಬೇಡಿ, ಪಾಸ್‌ವರ್ಡ್ ಮ್ಯಾನೇಜರ್ ಆರಿಸಲಿ.