ಜ್ಞಾನ ಮಾಲಿಯ ಬಯೋಡೇಟಾ

ತಂಗಿಯ ಮಗ ತನ್ನ ಬಯೋಡೇಟಾ ಕಳಿಸಿ, "ಮಾವ, ಒಮ್ಮೆ ಕಣ್ಣಾಡಿಸಿ" ಎಂದಿದ್ದ. ಮೊದಲ ಸಾಲಿನಲ್ಲೇ ನನ್ನ ಕನ್ನಡಕ ಜಾರಿತು. ನಾಲ್ಕು ವರ್ಷಗಳಿಂದ ಅವನು ಮಾಡುತ್ತಿರುವ ಉದ್ಯೋಗ: ಫ್ಲೋ ಸ್ಟೀವರ್ಡ್ 2. ಹಡಗಿನ ಕೆಲಸವೋ, ನೀರು ಸರಬರಾಜೋ ಎಂದು ಫೋನ್ ಮಾಡಿ ಕೇಳಿದೆ. ಪೂರೈಕೆದಾರರ ಬಿಲ್ಲನ್ನು ಖರೀದಿ ಆದೇಶದೊಂದಿಗೂ ಸರಕು ಬಂದ ರಸೀದಿಯೊಂದಿಗೂ ತಾಳೆ ನೋಡುವುದು, ಮೂರೂ ಹೊಂದಿದರೆ ಪಾವತಿಗೆ ಕಳಿಸುವುದು, ಹೊಂದದಿದ್ದರೆ ಜಗಳವಾಡುವುದು, ಇಷ್ಟೇ. "ಇದನ್ನು ಫೈನಾನ್ಸ್ ಮ್ಯಾನೇಜರ್ ಎಂದು ಬದಲಾಯಿಸಿಬಿಡಲೇ?" ಎಂದ.

ಬೇಡ ಎಂದು ನಾನು ಅಷ್ಟು ಜೋರಾಗಿ ಕಿರುಚಲು ಕಾರಣವಿದೆ. ಒಂದು ಕಾಲದಲ್ಲಿ ನಾನು ಜ್ಞಾನ ಮಾಲಿಯಾಗಿದ್ದೆ.

ನಮ್ಮ ಸಂಸ್ಥೆಗೆ ಹೊಸದಾಗಿ ಬಂದ ಮೇಲಧಿಕಾರಿಗೆ ಸಂಸ್ಥೆಯೆಂದರೆ ತೋಟ ಎಂಬ ಜ್ಞಾನೋದಯ ಯಾವುದೋ ತರಬೇತಿಯಲ್ಲಿ ಆಗಿತ್ತು. ಬೆಳಗಾಗುವುದರೊಳಗೆ ಲೆಕ್ಕ ತಪಾಸಣೆಯವರು ಕಳೆ ಕೀಳುವವರಾದರು, ಹೊಸಬರನ್ನು ಸೇರಿಸಿಕೊಳ್ಳುವವರು ಬೀಜ ಆಯುವವರಾದರು. ಯಂತ್ರಗಳ ಕೈಪಿಡಿಗಳಿಗೆ ಆವೃತ್ತಿ ಸಂಖ್ಯೆ ಹಾಕಿ, ಹಳೆಯ ಪ್ರತಿಗಳನ್ನು ಹಿಂದಕ್ಕೆ ತರಿಸಿ, ಯಾರ ಸಹಿ ಬಾಕಿ ಇದೆಯೆಂದು ಬೆನ್ನು ಹತ್ತುತ್ತಿದ್ದ ನಾನು ಮಾಲಿಯಾದೆ. ಭೇಟಿ ಚೀಟಿಯ ಮೂಲೆಯಲ್ಲಿ ಹಸಿರು ಎಲೆಯೊಂದನ್ನು ಅಚ್ಚು ಹಾಕಿಸಿಕೊಟ್ಟರು. ಸಂಬಳ ಹೆಚ್ಚಿಸಿ ಎಂದಾಗ, "ಹುದ್ದೆಯ ಹೆಸರು ಹೊಸದಾಗಿದೆಯಲ್ಲ" ಎಂದರು. ಹೆಸರಿಗೆ ಖರ್ಚಿಲ್ಲ, ಆದ್ದರಿಂದಲೇ ಇಂಥವರು ಅದನ್ನು ಧಾರಾಳವಾಗಿ ಹಂಚುತ್ತಾರೆ. ಎರಡು ವರ್ಷದ ಮೇಲೆ ನಮ್ಮಲ್ಲಿ ಹನ್ನೊಂದು ಜನರನ್ನು ಮನೆಗೆ ಕಳಿಸಿದ ಪತ್ರದಲ್ಲಿ ಆ ಕ್ರಿಯೆಯನ್ನು "ಕೊಂಬೆ ಸವರುವಿಕೆ" ಎಂದು ಕರೆದಿದ್ದರು. ಆ ಪದವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಸವರಲ್ಪಟ್ಟ ಕೊಂಬೆ ಹೊಸ ಕೆಲಸ ಹುಡುಕಬೇಕಲ್ಲ. ಮೊದಲ ಸಂದರ್ಶನಕ್ಕೆ ಜ್ಞಾನ ಮಾಲಿ ಎಂದೇ ಬರೆದುಕೊಂಡು ಹೋದೆ. ಸಂದರ್ಶಕರು ಬಹಳ ಸಜ್ಜನರು. ಗುಲಾಬಿಯನ್ನು ಯಾವಾಗ ಕತ್ತರಿಸಬೇಕೆಂದು ಕೇಳಿದರು. ಎರಡನೆಯ ಬಾರಿ ರೋಷದಿಂದ ಇನ್‌ಫರ್ಮೇಶನ್ ಮ್ಯಾನೇಜರ್ ಎಂದು ಬರೆದೆ.

"ನಿಮ್ಮ ಕೈಕೆಳಗೆ ಎಷ್ಟು ಜನರಿದ್ದರು?"

"ಯಾರೂ ಇರಲಿಲ್ಲ."

"ಬಜೆಟ್ ಎಷ್ಟಿತ್ತು?"

"ಪ್ರಿಂಟರಿನ ಶಾಯಿಗೆ ಅರ್ಜಿ ಹಾಕುತ್ತಿದ್ದೆ."

ಅವರು ಪೆನ್ನಿನ ಮುಚ್ಚಳ ಹಾಕಿದ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ಮ್ಯಾನೇಜರ್ ಎಂದೊಡನೆ ಜನ ಎಷ್ಟು, ಹಣ ಎಷ್ಟು ಎಂಬ ಎರಡು ಪ್ರಶ್ನೆಗಳು ಬೆನ್ನಿಗೇ ಬರುತ್ತವೆ. ಮೂರನೆಯ ಬಾರಿ ಹಳೆಯ ಹೆಸರನ್ನು ಇದ್ದಂತೆಯೇ ಇಟ್ಟು, ಪಕ್ಕದ ಆವರಣದಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಹುದ್ದೆಗೆ ಸಮಾನ ಎಂದು ಬರೆದೆ. ಯಾರೂ ಗುಲಾಬಿಯ ಮಾತೆತ್ತಲಿಲ್ಲ.

ಹಳೆಯ ಹೆಸರನ್ನು ಅಳಿಸದಿರಲು ಅಭಿಮಾನ ಕಾರಣವಲ್ಲ. ಹೊಸ ಕಂಪನಿಯವರು ಹಳೆಯ ಕಚೇರಿಗೆ ಫೋನ್ ಮಾಡಿದರೆ ಅಲ್ಲಿನ ಕಡತದಲ್ಲಿ ಸಿಗುವುದು ಆ ಹೆಸರೊಂದೇ. ಅದು ಬಯೋಡೇಟಾದಲ್ಲಿ ಇಲ್ಲದಿದ್ದರೆ ಸುಳ್ಳು ಹೇಳಿದ್ದೀರಿ ಎಂದೇ ಲೆಕ್ಕ.

ಇದನ್ನೆಲ್ಲ ಹುಡುಗನಿಗೆ ಹೇಳಿ, ಅಕೌಂಟ್ಸ್ ಪೇಯಬಲ್ ಎಂಬ ಕೆಲಸದ ಐದು ಜಾಹೀರಾತುಗಳನ್ನು ಓದಿಸಿದೆ. ಅದರಲ್ಲಿ ಕೇಳಿದ್ದ ಕೆಲಸಗಳಲ್ಲಿ ಹೆಚ್ಚಿನವನ್ನು ಅವನು ದಿನವೂ ಮಾಡುತ್ತಾನೆ. ಫೈನಾನ್ಸ್ ಮ್ಯಾನೇಜರ್ ಜಾಹೀರಾತಿನಲ್ಲಿ ಅವನಿಗೆ ಹೊಂದಿದ್ದು ಒಂದೇ ಸಾಲು, ಎಕ್ಸೆಲ್ ಬಲ್ಲವರಾಗಿರಬೇಕು ಎಂಬುದು. ಆದರೂ ಮುಖ ಉಬ್ಬಿಸಿಕೊಂಡ. "ನನ್ನ ಗೆಳೆಯ ಬ್ಯಾಂಕಿನಲ್ಲಿ ವೈಸ್ ಪ್ರೆಸಿಡೆಂಟ್ ಎಂದು ಹಾಕಿಕೊಂಡಿದ್ದಾನಲ್ಲ ಮಾವ!" ಹೂಡಿಕೆ ಬ್ಯಾಂಕುಗಳಲ್ಲಿ ಅದು ಸಾಮಾನ್ಯವಾಗಿ ಅನಲಿಸ್ಟ್, ಅಸೋಸಿಯೇಟ್ ದಾಟಿದ ಮೂರನೆಯ ಮೆಟ್ಟಿಲು, ಅವನ ಮೇಲೆ ಇನ್ನೂ ಡೈರೆಕ್ಟರುಗಳು ಸಾಲಾಗಿ ಕುಳಿತಿರುತ್ತಾರೆ. ಆ ಗೆಳೆಯ ಬೇರೆ ಉದ್ಯಮಕ್ಕೆ ಹೋದರೆ ಆವರಣ ಹಾಕಿ ಕೆಳಗಿಳಿಯಬೇಕಾಗುತ್ತದೆ. ಕೆಳಗಿಳಿಯುವ ಆವರಣವನ್ನು ಸ್ವಂತ ಇಚ್ಛೆಯಿಂದ ಹಾಕಿದವರನ್ನು ನಾನಂತೂ ಕಂಡಿಲ್ಲ.

ಹುಡುಗ ಕೊನೆಗೂ ಒಪ್ಪಿದ. "ಫ್ಲೋ ಸ್ಟೀವರ್ಡ್ 2, ಆವರಣ, ಅಕೌಂಟ್ಸ್ ಪೇಯಬಲ್..." ಎಂದು ಹೇಳಿಕೊಳ್ಳುತ್ತಾ ಟೈಪಿಸತೊಡಗಿ, ಅಲ್ಲೇ ನಿಂತ. ಮುಂದೆ ಅಸಿಸ್ಟೆಂಟ್ ಎಂದು ಹಾಕುವುದೋ, ಸೀನಿಯರ್ ಎಂದು ಹಾಕುವುದೋ? ಅದು ಸ್ಟೀವರ್ಡ್ ಪಕ್ಕದ 2 ಎಂಬ ಅಂಕಿಯ ಮೇಲೆ ನಿಂತಿದೆ. ಕೆಲವೆಡೆ ಒಂದಕ್ಕಿಂತ ಎರಡು ಮೇಲಿನದು, ಕೆಲವೆಡೆ ಒಂದೇ ಮೇಲಿನದು.

"ನಿಮ್ಮಲ್ಲಿ ಹೇಗೆ?" ಎಂದೆ.

ಬಹಳ ಹೊತ್ತು ಉತ್ತರ ಬರಲಿಲ್ಲ. "ಯಾರನ್ನಾದರೂ ಕೇಳಿ ಹೇಳುತ್ತೇನೆ ಮಾವ" ಎಂದ.