ಚನ್ನರಾಯಪಟ್ಟಣಕ್ಕೆ ಮೊದಲೇ ನಿಂತ ಆಂಬುಲೆನ್ಸ್

ನಮ್ಮ ಅಣ್ಣನ ಕಿಡ್ನಿ ಕಸಿಯ ಆರೋಗ್ಯ ವಿಮೆ ಕ್ಲೈಮ್ ಇತ್ಯರ್ಥವಾಗಿ ಬಂದಿದೆ. ಅಣ್ಣ ಅಂದರೆ ದೊಡ್ಡಮ್ಮನ ಮಗ, ಹಾಸನದವನು. ಕಂಪನಿಯ ಹೆಸರು ಬೇಡ, ಯಾಕಂದ್ರೆ ಹೆಸರು ಬದಲಾದರೂ ಪತ್ರ ಬದಲಾಗಲ್ಲ. ಪತ್ರದ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ ನೋಡಿ, ಕಡಿತದ ಪಟ್ಟಿ. ಅದನ್ನು ಮೂರು ದಿನದಿಂದ ಓದುತ್ತಿದ್ದೇನೆ. ಅದರಲ್ಲಿ ಹೊಟ್ಟೆ ಉರಿಸುವುದು ಎರಡೇ ಸಾಲು: ಒಂದು ಆಂಬುಲೆನ್ಸ್, ಇನ್ನೊಂದು ದಾನಿಯ ಖರ್ಚು.

ಮೊದಲು ಆಂಬುಲೆನ್ಸ್. ರಾತ್ರಿ ಹನ್ನೊಂದಕ್ಕೆ ಅಣ್ಣನಿಗೆ ಉಸಿರು ಕಟ್ಟಿತು. ಸರ್ಕಾರದ 108 ಇದೆ, ದುಡ್ಡಿಲ್ಲ, 2008ರಿಂದ ಓಡುತ್ತಿದೆ, ಅದು ಗೊತ್ತು. ಆದರೆ ಆ ಹೊತ್ತಿಗೆ ಪಕ್ಕದ ಬೀದಿಯಲ್ಲಿದ್ದ ಖಾಸಗಿ ಗಾಡಿ ಕೈಗೆ ಸಿಕ್ಕಿತು. ಊರೊಳಗಿನ ಆಸ್ಪತ್ರೆಗೆ 1,500 ರೂಪಾಯಿ. ಅಲ್ಲಿ ಮೂರು ಗಂಟೆ ಕ್ಯಾಶುವಲ್ಟಿಯಲ್ಲಿ ಮಲಗಿಸಿ, ಇಲ್ಲಿ ಆಗಲ್ಲ ಬೆಂಗಳೂರಿಗೆ ಹೊರಡಿ ಅಂದರು. ಆಕ್ಸಿಜನ್ ಇರುವ ಗಾಡಿ, 12,000. ರಾತ್ರಿ ಚೌಕಾಸಿ ಮಾಡಿದವರಿದ್ದರೆ ಕೈ ಎತ್ತಿ.

ಮೊದಲ 1,500 ಪೂರ್ತಿ ಹೋಯಿತು. ಕಾರಣ ಸೊಗಸಾಗಿದೆ. ಆಂಬುಲೆನ್ಸ್ ದುಡ್ಡು ಸಿಗಬೇಕಾದರೆ ಅದು ಮುಟ್ಟಿಸಿದ ಆಸ್ಪತ್ರೆಯಲ್ಲಿ ನೀವು ಒಳರೋಗಿಯಾಗಿ ಸೇರಿರಬೇಕು, ಆ ಕ್ಲೈಮ್ ಒಪ್ಪಿಗೆಯಾಗಿರಬೇಕು. ಕ್ಯಾಶುವಲ್ಟಿಯಲ್ಲಿ ಮೂರು ಗಂಟೆ ಮಲಗಿದ್ದು ಸೇರಿದ ಹಾಗಲ್ಲ. ಅಡ್ಮಿಶನ್ ಇಲ್ಲದ ಮೇಲೆ ಕ್ಲೈಮ್ ಇಲ್ಲ, ಕ್ಲೈಮ್ ಇಲ್ಲದ ಮೇಲೆ ಅಣ್ಣ ಅಲ್ಲಿಗೆ ಹೋಗಿದ್ದು ಸುಮ್ನೆ ತಿರುಗಾಡೋಕೆ, ಅಷ್ಟೇ.

ಎರಡನೆಯದು ಸಿಗಬಹುದಾದದ್ದು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸಿದರೆ ಕೊಡುತ್ತಾರೆ, ಆದರೆ ಮೊದಲನೆಯದರಲ್ಲಿ ಆ ಸೌಲಭ್ಯ ಇಲ್ಲ ಅಂತ ಡಾಕ್ಟರು ಬರೆದುಕೊಟ್ಟಿರಬೇಕು. ಪುಣ್ಯಕ್ಕೆ ರೆಫರಲ್ ಚೀಟಿ ಇತ್ತು. ಮಿತಿ ಮಾತ್ರ 2,000. 2020ರಲ್ಲಿ ವಿಮಾ ಪ್ರಾಧಿಕಾರವೇ ಎಲ್ಲ ಕಂಪನಿಗಳಿಗೂ ಒಂದೇ ಥರ ಮಾಡಿಕೊಟ್ಟ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲೂ ಒಂದು ಸಲದ ಅಡ್ಮಿಶನ್‌ಗೆ ಇಷ್ಟೇ. ಪಾಲಿಸಿಯ ಮೊತ್ತದವರೆಗೂ ಆಂಬುಲೆನ್ಸ್ ಕೊಡುವ ದುಬಾರಿ ಪಾಲಿಸಿಗಳಿವೆ, ನಮ್ಮಣ್ಣನದು ಅದಲ್ಲ.

ಲೆಕ್ಕ ಹಾಕಿದೆ. ಹಾಸನದಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 185 ಕಿಲೋಮೀಟರ್, 12,000 ರೂಪಾಯಿ. ಅಂದಮೇಲೆ 2,000ಕ್ಕೆ ಸುಮಾರು 31 ಕಿಲೋಮೀಟರ್. ಚನ್ನರಾಯಪಟ್ಟಣ ಕೂಡ ಬರಲ್ಲ ಸ್ವಾಮಿ! ಅಲ್ಲೆಲ್ಲೋ ಹೆದ್ದಾರಿ ಪಕ್ಕದ ತೆಂಗಿನ ತೋಟದ ಹತ್ತಿರ ಅಣ್ಣನನ್ನು ಸಿಲಿಂಡರ್ ಸಮೇತ ಇಳಿಸಿ, ಮುಂದಕ್ಕೆ ಕೆಎಸ್ಆರ್‌ಟಿಸಿ ಬಸ್ಸಿಗೆ ಕೈ ಅಡ್ಡ ಹಾಕಬೇಕಿತ್ತು ಅಂತ ಕಾಣುತ್ತದೆ. ನಾವು ದುಂದುಗಾರರು, ಬೆಂಗಳೂರಿನವರೆಗೂ ಒಯ್ದೆವು. ವಾಪಸ್ ಮನೆಗೆ ಬಂದ ಗಾಡಿಯ ಬಿಲ್ಲನ್ನೂ ಕಳಿಸಿದ್ದೆ, ಅದು ನನ್ನದೇ ದಡ್ಡತನ. ಹೋಗುವಾಗ ಮಾತ್ರ ತುರ್ತು, ಬರುವಾಗ ಅಲ್ಲ.

ಇಲ್ಲೊಂದು ಅಡ್ಡಮಾತು. ಪ್ರಾಧಿಕಾರದ್ದೇ ಇನ್ನೊಂದು ಪಟ್ಟಿ ಇದೆ, ಬಿಡುವಿದ್ದರೆ ಓದಿ. ಸಾಮಾನ್ಯವಾಗಿ ಕಂಪನಿಗಳು ಕೊಡದಿರುವ ಸಾಮಾನುಗಳ ಪಟ್ಟಿ. ಕೈಚೀಲ, ಮಿನರಲ್ ವಾಟರ್, ಟಿವಿ, ಥರ್ಮಾಮೀಟರ್, ಸಕ್ಕರೆ ಇಲ್ಲದ ಮಾತ್ರೆ, ಟ್ರಾಲಿಯ ಹೊದಿಕೆ. ಬರೆದವರ ತಾಳ್ಮೆ ಮೆಚ್ಚಬೇಕು, ಮದುವೆ ಸಾಮಾನಿನ ಚೀಟಿಯನ್ನೂ ಯಾರೂ ಇಷ್ಟು ನಿಗಾ ಇಟ್ಟು ಬರೆಯಲ್ಲ. ಅದರಲ್ಲಿ ಆಂಬುಲೆನ್ಸಿನ ಉಪಕರಣ ಅಂತಲೇ ಒಂದು ಸಾಲಿದೆ. ಗಾಡಿಗೆ ದುಡ್ಡು ಕೊಟ್ಟಾರು, ಗಾಡಿಯೊಳಗಿನದಕ್ಕೆ ಇಲ್ಲ. ಇನ್ನೊಂದು ಸಾಲು, ದಾನಿಗಳ ರಕ್ತದ ಗುಂಪು ನೋಡುವುದು ಮತ್ತು ಕ್ರಾಸ್ ಮ್ಯಾಚಿಂಗ್. ಅದೂ ಟಿವಿ ಜೊತೆಗೇ, ಒಂದೇ ಪಟ್ಟಿಯಲ್ಲಿ.

ಈಗ ದಾನಿಗೆ ಬರೋಣ. ದಾನಿ ನಮ್ಮ ದೊಡ್ಡಮ್ಮ, 57 ವರ್ಷ. ಮೊದಲು ಚಿಕ್ಕಣ್ಣ ಕೊಡುತ್ತೇನೆ ಅಂದಿದ್ದ, ಅವನ ಪರೀಕ್ಷೆಯಲ್ಲಿ ಹೊಂದಲಿಲ್ಲ. ಆಮೇಲೆ ದೊಡ್ಡಮ್ಮನಿಗೆ ರಕ್ತ, ಅಂಗ ಹೊಂದುತ್ತದೆಯೇ ಅಂತ ನೋಡುವ ಎಚ್ಎಲ್ಎ, ಹೃದಯದ ಎಕೋ, ಕಿಡ್ನಿಯ ರಕ್ತನಾಳ ನೋಡುವ ಸಿಟಿ, ಎಲ್ಲ ಆಯಿತು. ಇಬ್ಬರದೂ ಸೇರಿ 68,000. ಕಡಿತ: 68,000.

ಪಾಲಿಸಿಯ ಭಾಷೆ ಹೀಗಿದೆ. ಅಂಗ ಪಡೆಯುವವನು ಪಾಲಿಸಿದಾರನಾಗಿರಬೇಕು, ಅವನ ಕ್ಲೈಮ್ ಒಪ್ಪಿಗೆಯಾಗಿರಬೇಕು, ದಾನ 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ನಡೆದಿರಬೇಕು. ಇಷ್ಟಾದರೆ ದಾನಿಯ ದೇಹದಿಂದ ಅಂಗ ತೆಗೆಯುವ ಆಪರೇಷನ್ನು, ಅದಕ್ಕಾಗಿ ಆಸ್ಪತ್ರೆಯಲ್ಲಿದ್ದ ದಿನಗಳ ಖರ್ಚು ಕೊಡುತ್ತಾರೆ. ಕೊಟ್ಟರು ಕೂಡ, 1,40,000. ಸುಳ್ಳು ಹೇಳಬಾರದು. ಆದರೆ ಅದು ಅಣ್ಣನ 5 ಲಕ್ಷದ ಒಳಗಿನಿಂದಲೇ ಹೋಯಿತು, ಬೇರೆ ಗಂಟಲ್ಲ. ಆ ವರ್ಷದ ಡಯಾಲಿಸಿಸ್ ಆಗಲೇ ಅದರಲ್ಲಿ ಒಂದು ಲಕ್ಷ ತಿಂದಿತ್ತು. ಅಮ್ಮ ಕಿಡ್ನಿ ಕೊಟ್ಟಷ್ಟೂ ಮಗನ ದುಡ್ಡು ಕಮ್ಮಿ.

ಸೇರುವ ಮೊದಲಿನ ಪರೀಕ್ಷೆ, ಮನೆಗೆ ಬಂದ ಮೇಲಿನ ಔಷಧಿ, ಇವು ದಾನಿಗೆ ಇಲ್ಲ. ಪಡೆದವನಿಗೆ ಇದೆ, ಮುಂಚಿನ ಮತ್ತು ನಂತರದ ಇಷ್ಟಿಷ್ಟು ದಿನ ಅಂತ. ದೊಡ್ಡಮ್ಮನ ಗಾಯಕ್ಕೆ ಮನೆಗೆ ಬಂದ ವಾರದಲ್ಲಿ ಕೀವು ಬಂತು. ಡ್ರೆಸಿಂಗು, ಮಾತ್ರೆ, 9,000. ಸರಿ, ದೊಡ್ಡಮ್ಮನದೂ ಒಂದು ಪಾಲಿಸಿ ಇದೆಯಲ್ಲ ಅಂತ ಅಲ್ಲಿ ಕೇಳಿದೆ. ಆ ಕಡೆಯ ಹುಡುಗಿ ಬಹಳ ನಯವಾಗಿ ಹೇಳಿದಳು: "ಸರ್, ಅವರಿಗೆ ಕಾಯಿಲೆ ಇರಲಿಲ್ಲ ಅಲ್ವಾ?"

ಇರಲಿಲ್ಲ ಕಣಮ್ಮ. ಕಾಯಿಲೆ ಇದ್ದಿದ್ದರೆ ಕಿಡ್ನಿ ತಗೊಳ್ತಿರಲಿಲ್ಲ. ಅದಕ್ಕೇ ತಾನೆ 68,000 ಕೊಟ್ಟು ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಸಿದ್ದು?

ಇನ್ನು ಹಲವು ಪಾಲಿಸಿಗಳಲ್ಲಿ ಅಂಗವನ್ನು ತರಿಸಿಕೊಳ್ಳುವ ಖರ್ಚೂ ಹೊರಗೆ. ಬೆಂಗಳೂರಲ್ಲಿ ಒಂದು ಹೃದಯ ಹೋಗಬೇಕಾದರೆ ಪೊಲೀಸರು ಸಿಗ್ನಲ್ ಸಿಗ್ನಲ್‌ನಲ್ಲಿ ನಿಂತು ದಾರಿ ಬಿಡಿಸುತ್ತಾರೆ, ನಾವೂ ಬೈಕ್ ಪಕ್ಕಕ್ಕೆ ಹಾಕಿ ಫೋಟೊ ಹೊಡೆಯುತ್ತೇವೆ. ಇಡೀ ಊರು ದಾರಿ ಬಿಟ್ಟರೂ ಪಾಲಿಸಿಯ ಆ ಒಂದು ಸಾಲು ಬಿಡಲ್ಲ.

ನಗು ಸಾಕು. ಅಂಗ ಮಾರಾಟವನ್ನು ಅಪರಾಧ ಮಾಡಿದ ಆ ಕಾಯ್ದೆಯೇ ಒಂದು ಮಾತು ಸ್ಪಷ್ಟವಾಗಿ ಹೇಳಿದೆ: ಅಂಗ ತೆಗೆಯುವ, ಸಾಗಿಸುವ, ಕಾಪಾಡುವ ಖರ್ಚು, ಅದರಿಂದ ನೇರವಾಗಿ ದಾನಿಗೆ ಬಿದ್ದ ಖರ್ಚು, ಕೆಲಸಕ್ಕೆ ಹೋಗಲಾಗದೆ ಕಳೆದುಕೊಂಡ ಸಂಬಳ, ಇವನ್ನು ಕೊಟ್ಟರೆ ಅದು ಬೆಲೆ ಕೊಟ್ಟ ಹಾಗಲ್ಲ. ಅಂದರೆ ಕಾನೂನು ಅಡ್ಡ ಬಂದಿಲ್ಲ. ಯಾರೋ ಕೂತು, ಯೋಚನೆ ಮಾಡಿ, ಬೇಡ ಅಂತ ಬರೆದಿದ್ದಾರೆ. ಇಪ್ಪತ್ತು ವರ್ಷ ಕಂತು ಕಟ್ಟಿಸಿಕೊಂಡು, ಮಗನಿಗೆ ಕಿಡ್ನಿ ಕೊಟ್ಟು ಮಲಗಿರುವ ಹೆಂಗಸಿನ ಗಾಯದ ಬಟ್ಟೆಗೆ ಇಲ್ಲ ಅಂತ ಬರೆದಿದ್ದಾರೆ. ನನಗೆ ಇದರಲ್ಲಿ ಇನ್ನು ತಮಾಷೆ ಕಾಣಲ್ಲ.

ಅಂದ ಹಾಗೆ ಆ 2,000 ಕೂಡ ಇನ್ನೂ ಬಂದಿಲ್ಲ. ರಸೀದಿಯಲ್ಲಿ ಗಾಡಿಯ ನಂಬರಿಲ್ಲ, ಸೀಲಿಲ್ಲ, ನೋಂದಾಯಿತ ಸೇವೆ ಅನ್ನೋದಕ್ಕೆ ಪುರಾವೆ ಇಲ್ಲವಂತೆ. ಡ್ರೈವರ್‌ಗೆ ಫೋನ್ ಮಾಡಿದೆ. ಹಿಂದೆ ಸೈರನ್ ಕೂಗುತ್ತಿತ್ತು, ನೆಲಮಂಗಲದ ಹತ್ತಿರ ಇದ್ದ. "ಸೀಲ್ ಹಾಕಿಸಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸ್ತೀನಿ ಸರ್" ಅಂದ. ಹಾಗೇ ಕಳಿಸಿದ. ಮೆಜೆಸ್ಟಿಕ್‌ಗೆ ಹೋಗಿ ಇಸ್ಕೊಂಡೆ, ಕಂಡಕ್ಟರ್‌ಗೆ ಕಾಫಿಗೆ ಅಂತ ಮೂವತ್ತು ರೂಪಾಯಿ ಕೊಟ್ಟೆ. ಅದಕ್ಕೆ ರಸೀದಿ ಕೇಳಲಿಲ್ಲ.