ಹಳದಿ ಚುಕ್ಕೆ

ನನ್ನ ಬಾಮೈದ ಮಂಡ್ಯದ ಪಕ್ಕದ ಒಂದು ಊರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಬಟವಾಡೆಯ ಹಿಂದಿನ ರಾತ್ರಿ, ನಾನು ಮುದ್ದೆಗೆ ಕೈ ಇಟ್ಟ ಕ್ಷಣಕ್ಕೇ ಅವನ ಫೋನು ಬರುತ್ತದೆ.

"ಬಾವ, ಆ ನಂಬರ್ ಹಾಕಿದ್ರೆ ಹೆಸ್ರು ತಾನಾಗೇ ಬತ್ತದಲ್ಲ, ಅದ್ನ ಇನ್ನೊಂದ್ ಕಿತ ಯೋಳಿ."

ಎಕ್ಸೆಲ್‌ನಲ್ಲಿ Members ಎಂಬ ಒಂದು ಹಾಳೆಯಲ್ಲಿ ಸದಸ್ಯರ ಸಂಖ್ಯೆ, ಹೆಸರು ಇರುತ್ತವೆ. ಇನ್ನೊಂದರಲ್ಲಿ ಸಂಖ್ಯೆ ಮತ್ತು ಲೀಟರು ಮಾತ್ರ. ಸಂಖ್ಯೆ ನೋಡಿ ಹೆಸರನ್ನು ಎಳೆದು ತರಲು ಒಂದೇ ಸಾಲು ಸಾಕು:

```
=VLOOKUP(A2,Members!A:B,2,FALSE)
```

ಈ ಸಾಲನ್ನು ಫೋನಿನಲ್ಲಿ ಹೇಳಿ ನೋಡಿ. ಅಲ್ಪವಿರಾಮ, ಆಶ್ಚರ್ಯಸೂಚಕ, ಆವರಣ ಎಲ್ಲ ಮುಗಿಯುವಷ್ಟರಲ್ಲಿ ಸಾರು ಆರಿ, ಮುದ್ದೆ ಕಲ್ಲಾಗಿರುತ್ತದೆ. ನಾಲ್ಕನೆಯ ಬಟವಾಡೆಗೆ ನಾನು ಶಪಥ ಮಾಡಿದೆ: ಒಂದೇ ಸಲ ಪರದೆ ರೆಕಾರ್ಡ್ ಮಾಡಿ ಕಳಿಸಿಬಿಡುತ್ತೇನೆ, ಆಮೇಲೆ ಬೇಕಾದಷ್ಟು ಸಲ ಅವನೇ ನೋಡಿಕೊಳ್ಳಲಿ. ಐದು ನಿಮಿಷದ ವಿಡಿಯೊ ತಾನೆ, ಭಾನುವಾರ ತಿಂಡಿಗೆ ಮೊದಲೇ ಮುಗಿಸೋಣ ಎಂದುಕೊಂಡೆ. ಎಷ್ಟನೆಯ ಭಾನುವಾರ ಎಂದು ಹೇಳಿರಲಿಲ್ಲ, ಅಷ್ಟೇ.

ತಯಾರಿ ಜೋರಾಗಿಯೇ ಇತ್ತು. ರೆಕಾರ್ಡಿಂಗಿಗೆ OBS ಹಾಕಿಕೊಂಡೆ. ಮೌಸಿನ ಬಾಣ ಎಲ್ಲಿದೆ ಎಂದು ಬಾಮೈದನಿಗೆ ಕಾಣಬೇಕಲ್ಲ, ಅದಕ್ಕೆ PowerToys ಹಾಕಿದೆ. ಅದರಲ್ಲಿ `Win + Shift + H` ಒತ್ತಿಬಿಟ್ಟರೆ, ಎಡಗುಂಡಿ ಕ್ಲಿಕ್ಕಿಸಿದಾಗಲೆಲ್ಲ ಬಾಣದ ಸುತ್ತ ಹಳದಿ ಚುಕ್ಕೆ ಮೂಡುತ್ತದೆ, ಬಲಗುಂಡಿಗೆ ನೀಲಿ. ನೋಡಲು ಅರಿಶಿನ ಹಚ್ಚಿದ ಹಾಗೆ ಮಂಗಳಕರವಾಗಿತ್ತು. OBSನಲ್ಲಿ ಇಡೀ ಪರದೆ ಹಿಡಿಯಬೇಕೋ ಒಂದೇ ಕಿಟಕಿ ಹಿಡಿಯಬೇಕೋ ಎಂದು ಆರಿಸಿಕೊಳ್ಳಬೇಕು. ಎಕ್ಸೆಲ್ ಒಂದೇ ಸಾಕು, ನನ್ನ ಡೆಸ್ಕ್‌ಟಾಪಿನ ಸಂತೆಯನ್ನು ಬಾಮೈದ ಯಾಕೆ ನೋಡಬೇಕು ಎಂದು Window Capture ಆರಿಸಿದೆ. ಇಪ್ಪತ್ತೆರಡು ನಿಮಿಷ, ಒಂದೂ ತಡವರಿಸದೆ ಪಾಠ ಹೇಳಿದೆ. ನನ್ನ ಮೇಲೆ ನನಗೇ ಗೌರವ ಬಂತು.

ತಿರುಗಿಸಿ ನೋಡಿದರೆ ಹಳದಿ ಚುಕ್ಕೆ ಒಂದೂ ಇಲ್ಲ. ಅದಾದರೂ ಹೋಗಲಿ, ಬಲಗುಂಡಿ ಒತ್ತಿದರೆ ಇಳಿದುಬರುವ ಪಟ್ಟಿಯೂ ಇಲ್ಲ. "ಈಗ ನೋಡು, ಇಲ್ಲೊಂದು ಪಟ್ಟಿ ಬಂತು, ಇದರಲ್ಲಿ ಮೂರನೆಯದು" ಎಂದು ನಾನು ಗಾಂಭೀರ್ಯದಿಂದ ಹೇಳುತ್ತಿದ್ದೇನೆ, ಬಾಣ ಖಾಲಿ ಜಾಗದ ಮೇಲೆ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದೆ. ಗಾಳಿಯಲ್ಲಿ ನೊಣ ಹೊಡೆಯುವವನ ಹಾಗೆ. ಕಾರಣ ಆಮೇಲೆ ತಿಳಿಯಿತು. ಆ ಪಟ್ಟಿ ನಮ್ಮ ಕಣ್ಣಿಗೆ ಎಕ್ಸೆಲ್‌ನ ಒಳಗಿದ್ದಂತೆ ಕಂಡರೂ ವಿಂಡೋಸಿನ ಲೆಕ್ಕದಲ್ಲಿ ಅದು ಬೇರೆಯೇ ಕಿಟಕಿ. ಹಳದಿ ಚುಕ್ಕೆಯೂ ಎಲ್ಲದರ ಮೇಲೆ ಹಾಸಿದ ಇನ್ನೊಂದು ಪಾರದರ್ಶಕ ಕಿಟಕಿ. ಒಂದೇ ಕಿಟಕಿ ಹಿಡಿ ಎಂದಿದ್ದೆ, ಅದು ಒಂದನ್ನೇ ಹಿಡಿದಿತ್ತು. ಅರ್ಧ ನಿಮಿಷ ರೆಕಾರ್ಡ್ ಮಾಡಿ ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಸಾರಿಗೆ ಉಪ್ಪು ನೋಡದೆ ಇಳಿಸುವ ಚಾಳಿ ನನಗೆ ಮೊದಲಿನಿಂದಲೂ ಇದೆ.

ಮುಂದಿನ ಭಾನುವಾರ Display Capture. ಈ ಸಲ ಪಟ್ಟಿ ಬಂತು, ಚುಕ್ಕೆ ಬಂತು, ಜೊತೆಗೆ ಬಲ ಮೂಲೆಯಲ್ಲಿ ಹೆಂಡತಿಯ ವಾಟ್ಸಾಪ್ ಸಂದೇಶವೂ ಬಂತು. "ಒಳಗೆ ಒಬ್ಬರೇ ಏನು ಮಾತಾಡ್ತಾ ಇದ್ದೀರಿ? ಅತ್ತೆ ಹೆದರಿಕೊಂಡಿದ್ದಾರೆ." ಇಡೀ ಪರದೆ ಹಿಡಿಯುವವರು ನೋಟಿಫಿಕೇಶನ್‌ಗಳ ಬಾಯಿಗೆ ಮೊದಲು ಬೀಗ ಹಾಕಬೇಕು. ವಿಂಡೋಸಿನಲ್ಲೇ Do not disturb ಎಂದಿದೆ. ಹೆಂಡತಿಗೂ ಒಂದು ಮಾತು ಹೇಳಿರುವುದು ಒಳ್ಳೆಯದು.

ಆ ವಿಡಿಯೊ ನೋಡಿದ ಅಮ್ಮನೇ ಇನ್ನೊಂದು ತಪ್ಪು ಹಿಡಿದರು. "ಅದ್ಯಾಕೋ ಆ ಬಾಣನ ಹಂಗೆ ತಿರುವ್ತೀಯ, ಹಿಟ್ಟಿನ ಕೋಲು ಆಡಿಸ್ದಂಗೆ?" ನಿಜ. ಮಾತಾಡುವಾಗ ನನ್ನ ಕೈ ಸುಮ್ಮನಿರುವುದಿಲ್ಲ. ಸಂಖ್ಯೆ ಎಂದರೆ ಸಂಖ್ಯೆಯ ಸುತ್ತ ಮೂರು ಸುತ್ತು, ಹೆಸರು ಎಂದರೆ ಹೆಸರಿನ ಸುತ್ತ ನಾಲ್ಕು. ಎಲ್ಲಕ್ಕೂ ಪ್ರದಕ್ಷಿಣೆ ಬಂದರೆ ಯಾವುದು ಗರ್ಭಗುಡಿ ಎಂದು ನೋಡುವವನಿಗೆ ಹೇಗೆ ಗೊತ್ತಾಗಬೇಕು? ಬಾಣವನ್ನು ನೇರವಾಗಿ ಜಾಗಕ್ಕೆ ಒಯ್ದು, ನಿಲ್ಲಿಸಿ, ಮಾತು ಮುಗಿಸಿ, ಆಮೇಲೆ ಕ್ಲಿಕ್ಕಿಸಬೇಕು. ಚುಕ್ಕೆ ಮೂಡುವುದು ಕ್ಲಿಕ್ಕಿಗೆ ಮಾತ್ರವಾದ್ದರಿಂದ, ಬಾಣ ಸುಮ್ಮನಿದ್ದಾಗಲೇ ಅದಕ್ಕೊಂದು ಬೆಲೆ. ಮಾತಾಡುವ ಹೊತ್ತಿನಲ್ಲಿ ಕೈಯನ್ನು ಮೌಸಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿದೆ. ಶಾಲೆಯಲ್ಲಿ ಮೇಷ್ಟ್ರು ಕೈಕಟ್ಟಿ ಕೂರಿಸಿದ್ದು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ಇನ್ನು ದೊಡ್ಡದು ಮಾಡಿ ತೋರಿಸುವ ಕಥೆ. ಎಕ್ಸೆಲ್‌ನಲ್ಲಿ `Ctrl` ಒತ್ತಿ ಮೌಸಿನ ಚಕ್ರ ತಿರುಗಿಸಿದರೆ ಕೋಷ್ಟಕವೇನೋ ದೊಡ್ಡದಾಗುತ್ತದೆ, ಆದರೆ ಮೇಲೆ ಸೂತ್ರ ಕಾಣುವ ಪಟ್ಟಿ ಇದ್ದಷ್ಟೇ ಇರುತ್ತದೆ. ಬಾಮೈದ ನೋಡುವುದು ಮೊಬೈಲಿನಲ್ಲಿ. ಅಲ್ಲಿ ಆ ಸೂತ್ರ ಇರುವೆ ಸಾಲಿನ ಹಾಗೆ ಕಾಣುತ್ತದೆ. ಹಾಗಾಗಿ ZoomIt ಎಂಬ ಪುಟ್ಟ ತಂತ್ರಾಂಶ ಇಳಿಸಿಕೊಂಡೆ. `Ctrl + 1` ಒತ್ತಿದರೆ ಪರದೆ ದೊಡ್ಡದಾಗುತ್ತದೆ ಎಂಬುದಷ್ಟನ್ನು ಓದಿ, ಉಳಿದದ್ದನ್ನು ಓದದೆ ಶುರು ಮಾಡಿದೆ.

ಪರದೆ ದೊಡ್ಡದಾಯಿತು. ಸೂತ್ರ ಹಾಕುವ ಮನೆಯ ಮೇಲೆ ಕ್ಲಿಕ್ಕಿಸಿ "ಈಗ ಟೈಪ್ ಮಾಡೋಣ" ಎಂದೆ. ಅಕ್ಷರ ಮೂಡಲಿಲ್ಲ. ಗುಂಡಿ ಒತ್ತಿ ಮೌಸ್ ಎಳೆದರೆ ಹಿಂದೆಯೇ ಕೆಂಪು ಗೆರೆ. ಕಂಪ್ಯೂಟರಿಗೆ ಏನೋ ಬಡಿಯಿತು ಎಂದುಕೊಂಡು vlookup ಎಂದು ಜೋರಾಗಿ ಕುಟ್ಟಿದೆ. `o` ಒತ್ತಿದ್ದಕ್ಕೆ ಬಾಣದ ಜಾಗದಲ್ಲಿದ್ದ ಕೆಂಪು ಗುರುತು ಕಿತ್ತಳೆಗೆ ತಿರುಗಿತು. `k` ಒತ್ತಿದ್ದೇ ತಡ, ಇಡೀ ಪರದೆ ಕಪ್ಪು! ಕರೆಂಟ್ ಹೋಯಿತೆಂದು ಫ್ಯಾನ್ ನೋಡಿದೆ, ಅದು ತಿರುಗುತ್ತಲೇ ಇತ್ತು. `p` ಒತ್ತಿ ಮೌಸ್ ಎಳೆದಾಗ ಆ ಕತ್ತಲೆಯಲ್ಲಿ ಒಂದು ಗುಲಾಬಿ ಗೆರೆ ಮೂಡಿತು, ದಸರಾ ದೀಪಾಲಂಕಾರದ ಹಾಗೆ.

ಆಮೇಲೆ ಉಳಿದರ್ಧ ಓದಿದೆ. `Ctrl + 1` ತೋರಿಸುವುದು ಪರದೆಯ ಹೆಪ್ಪುಗಟ್ಟಿದ ಚಿತ್ರವನ್ನು. ಅದರ ಮೇಲೆ ಕ್ಲಿಕ್ಕಿಸಿದರೆ ಚಿತ್ರ ಬಿಡಿಸುವ ಪೆನ್ನು ಬರುತ್ತದೆ. ಆಗ `o` ಎಂದರೆ ಕಿತ್ತಳೆ, `p` ಎಂದರೆ ಗುಲಾಬಿ, `k` ಎಂದರೆ ಕರಿಹಲಗೆ. ಹೊರಬರಲು `Esc`. ನಿಂತಿರುವ ವಿಷಯವನ್ನು ಬೆರಳಿಟ್ಟು ತೋರಿಸಲು ಅದು ಬಹಳ ಚೆನ್ನ. ಟೈಪ್ ಮಾಡುವುದನ್ನು ತೋರಿಸಲು ಅಲ್ಲ. ಪ್ರಪಂಚದಲ್ಲಿ ಇಷ್ಟು ಸೂತ್ರಗಳಿರುವಾಗ, ನಾನು ಆರಿಸಿಕೊಂಡದ್ದರಲ್ಲೇ ಇಷ್ಟೂ ಅಕ್ಷರಗಳು ಇರಬೇಕೆ?

ಸರಿ, ಮೊದಲು ಹಾಗೇ ರೆಕಾರ್ಡ್ ಮಾಡಿ, ದೊಡ್ಡದು ಮಾಡುವ ಕೆಲಸವನ್ನು ಎಡಿಟಿಂಗಿಗೆ ಬಿಡೋಣ ಎಂದು ತೀರ್ಮಾನಿಸಿದೆ. ಸೂತ್ರದ ಜಾಗವನ್ನು ಎರಡು ಪಟ್ಟು ಹಿಗ್ಗಿಸಿದೆ. ಅಕ್ಷರಗಳೆಲ್ಲ ಮಂಜು ಹಿಡಿದ ಗಾಜಿನ ಹಿಂದೆ ನಿಂತವು. ನನ್ನ ಪರದೆ 1920x1080. ಎರಡು ಪಟ್ಟು ಹಿಗ್ಗಿಸಿದರೆ ವಾಸ್ತವದಲ್ಲಿ 960x540 ಚುಕ್ಕಿಗಳನ್ನೇ ಇಡೀ ಪರದೆಗೆ ಎಳೆದು ಹೊದಿಸಿದಂತೆ. ಚಿಕ್ಕ ಕಂಬಳಿಯಲ್ಲಿ ದೊಡ್ಡ ಸಂಸಾರ. ಸಾಲದ್ದಕ್ಕೆ OBSನ Video ಸೆಟ್ಟಿಂಗಿನಲ್ಲಿ ಮೇಲಿನ ಸಾಲು 1920x1080 ಎಂದಿದ್ದರೂ ಕೆಳಗಿನ Output ಸಾಲು ನನ್ನಲ್ಲಿ 1280x720 ಎಂದಿತ್ತು. ಅಂದರೆ ಮೊದಲೇ ಕುಗ್ಗಿಸಿ ಉಳಿಸಿಕೊಂಡದ್ದನ್ನು ಮತ್ತೆ ಹಿಗ್ಗಿಸುತ್ತಿದ್ದೆ.

ಉಪಾಯ ಇದರ ತಲೆಕೆಳಗು. ರೆಕಾರ್ಡಿಂಗ್ ಪೂರ್ತಿ 1920x1080ರಲ್ಲಿ ಆಗಲಿ, ಎಡಿಟಿಂಗ್ ಮಾಡಿ ಹೊರತೆಗೆಯುವ ವಿಡಿಯೊ 1280x720 ಇರಲಿ. ಆಗ ಒಂದೂವರೆ ಪಟ್ಟಿನವರೆಗೆ ಹಿಗ್ಗಿಸಿದರೂ ಒಂದು ಚುಕ್ಕಿಗೆ ಒಂದು ಚುಕ್ಕಿ ಇದ್ದೇ ಇರುತ್ತದೆ, ಅಕ್ಷರ ಮಸುಕಾಗುವುದಿಲ್ಲ. ಅದಕ್ಕಿಂತ ಹೆಚ್ಚು ಬೇಕಿದ್ದರೆ ರೆಕಾರ್ಡ್ ಮಾಡುವ ಮೊದಲೇ ವಿಂಡೋಸಿನ ಡಿಸ್‌ಪ್ಲೇ ಸ್ಕೇಲ್ ಅನ್ನು 150%ಗೆ ಏರಿಸಬೇಕು. ಆಗ ಸೂತ್ರದ ಪಟ್ಟಿಯೂ ಸೇರಿ ಎಲ್ಲವೂ ದಪ್ಪವಾಗುತ್ತದೆ.

ಹಿಗ್ಗಿಸುವ ವಿದ್ಯೆ ಕೈಗೆ ಹತ್ತಿದ ಉತ್ಸಾಹದಲ್ಲಿ ಪ್ರತಿ ಕ್ಲಿಕ್ಕಿಗೂ ಒಂದು ಸಲ ಹತ್ತಿರ, ಒಂದು ಸಲ ದೂರ ಮಾಡಿದೆ. ಅಮ್ಮ ಎರಡೇ ನಿಮಿಷಕ್ಕೆ ಕನ್ನಡಕ ತೆಗೆದು "ಬಸ್ಸಿನಲ್ಲಿ ಕೂತಂಗಾಯ್ತು ಕಣೋ" ಎಂದು ಒಳಗೆ ಹೋಗಿ ನಿಂಬೆಹಣ್ಣು ಮೂಸಿದರು. ಇಡೀ ವಿಡಿಯೊಗೆ ಮೂರು ಕಡೆ ಮಾತ್ರ ಉಳಿಸಿದೆ: ಸೂತ್ರ ಬರೆಯುವಾಗ, ತಪ್ಪು ಬಂದಾಗ, ಕೊನೆಗೆ ಹೆಸರು ಮೂಡಿದಾಗ. ಬಾಣ ಚಲಿಸುತ್ತಿರುವಾಗ ಚಿತ್ರವೂ ಹಿಗ್ಗಿದರೆ ಕಣ್ಣು ಯಾವುದರ ಹಿಂದೆ ಓಡಬೇಕು? ಹಾಗಾಗಿ ಮೊದಲು ಹಿಗ್ಗಿ, ನಿಂತು, ಆಮೇಲೆ ಕ್ಲಿಕ್ಕು.

ಹಿಗ್ಗಿಸಿದ್ದರ ಇನ್ನೊಂದು ಫಲ ಕಳಿಸುವ ಮೊದಲೇ ಕಣ್ಣಿಗೆ ಬಿತ್ತು, ಪುಣ್ಯ. ಬಾಮೈದ ಕೊಟ್ಟಿದ್ದ ಅಸಲಿ ಪಟ್ಟಿಯನ್ನೇ ಬಳಸಿದ್ದೆ. ಊರಿನವರ ಫೋನ್ ನಂಬರು, ಬ್ಯಾಂಕಿನ ಖಾತೆ ಸಂಖ್ಯೆ ಎಲ್ಲ ಒಂದೂವರೆ ಪಟ್ಟಿನಲ್ಲಿ ಫಳಫಳ. ಅಳಿಸಿ ಹೊಸ ಪಟ್ಟಿ ಬರೆದೆ. ಹೊಳೆದ ಹೆಸರುಗಳು ಗೌರಿ, ಲಕ್ಷ್ಮಿ, ಕಾವೇರಿ, ತುಂಗೆ.

ಕೊನೆಗೆ ಉಳಿದದ್ದು ಕ್ರಮ. ಒಂದೇ ಉಸಿರಿಗೆ ಹೇಳುವಾಗ ನಾನು ಸೂತ್ರ ಬರೆದ ಮೇಲೆ "ಅಯ್ಯೋ, ಇದಕ್ಕೆ ಮೊದಲು ಸಂಖ್ಯೆಯ ಕಂಬ ಎಡತುದಿಯಲ್ಲಿ ಇರಬೇಕಿತ್ತು" ಎಂದು ಹಿಂದೆ ಓಡುತ್ತಿದ್ದೆ. ಅಷ್ಟರಲ್ಲಿ ಒಂದು ಸಾಲಿನಲ್ಲಿ ಹೆಸರಿನ ಬದಲು `#N/A` ಬಂತು. ಸಂಖ್ಯೆ ಕಣ್ಣಿಗೆ 14 ಎಂದೇ ಇದೆ, ಆದರೆ ಮನೆಯ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ. ಅದನ್ನು ಅಂಕಿಯಾಗಿ ಅಲ್ಲ, ಅಕ್ಷರವಾಗಿ ಉಳಿಸಿದೆ ಎಂದು ಅರ್ಥ. ಪಕ್ಕದ ಹಳದಿ ಗುರುತು ಒತ್ತಿ Convert to Number ಎಂದರೆ ಸರಿಹೋಗುತ್ತದೆ. ಬಾಮೈದನಿಗೆ ನಿಜವಾಗಿ ಕಾಟ ಕೊಡುತ್ತಿದ್ದದ್ದೂ ಇದೇ. ಹಾಗಾಗಿ ಆ ತಪ್ಪನ್ನು ಕತ್ತರಿಸಿ ಎಸೆಯದೆ, ಬೇಕೆಂದೇ ಒಂದು ಹೆಜ್ಜೆಯಾಗಿ ಇಟ್ಟೆ.

ಹೆಜ್ಜೆಗಳನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ, ಐದೇ ಆದವು. ಪ್ರತಿ ಹೆಜ್ಜೆ ಶುರುವಾಗುವಾಗ ಹಾಳೆ ಹೇಗಿರಬೇಕೋ ಹಾಗೆ ಐದು ಫೈಲು ಉಳಿಸಿ, 01ರಿಂದ 05ರವರೆಗೆ ಹೆಸರಿಟ್ಟೆ. ಒಂದೊಂದನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿದೆ. ಮೂರನೆಯದರಲ್ಲಿ ಕುಕ್ಕರ್ ಕೂಗಿತು. 03 ಫೈಲು ತೆರೆದು ಅದೊಂದನ್ನೇ ಮತ್ತೆ ಮಾಡಿದೆ, ಉಳಿದ ನಾಲ್ಕು ಹಾಗೇ ಉಳಿದವು. ಇಪ್ಪತ್ತೆರಡು ನಿಮಿಷದ ಪಾಠ ಆರು ನಿಮಿಷಕ್ಕೆ ಇಳಿಯಿತು.

ಕಳಿಸಿದೆ. ಬಟವಾಡೆಯ ಹಿಂದಿನ ರಾತ್ರಿ ಮುದ್ದೆ ಬಿಸಿಯಾಗಿಯೇ ಮುಗಿಯಿತು. ಕೈ ತೊಳೆಯುತ್ತಿದ್ದಾಗ ಫೋನು.

"ಬಾವ, ಇಡಿಯೊ ಚೆನ್ನಾಗದೆ. ಹಸಗಳ ಹೆಸ್ರಿಗೇ ಬಿಲ್ ಮಾಡ್ಬುಟ್ಟಿದ್ದೀರಿ?"

"ಹಾಲು ಕೊಡೋದು ಅವೇ ತಾನೆ? ಹೆಸರು ಬಂತಾ, ಅದು ಹೇಳು."

"ಹೆಸ್ರೆಲ್ಲ ಬಂದ್ವು. ಆದ್ರೆ ಒಂದ್ ತೊಂದ್ರೆ ಅದೆ ಬಾವ. ನೀವು ಒತ್ತಿದಾಗೆಲ್ಲ ಒಂದ್ ಹಳದಿ ಚುಕ್ಕೆ ಬತ್ತದಲ್ಲ, ಬೆಳಗಿಂದ ಒತ್ತಾವ್ನಿ, ನಮ್ ಸಿಸ್ಟಮ್ನಾಗೆ ಅದೊಂದ್ ಬತ್ತಾನೇ ಇಲ್ಲ. ಅದ್ಕೇನ್ ಒತ್ಬೇಕು?"